ಕರೆಂಟು ಹೋಗಿ ಕ್ಷಣದಲ್ಲೇ ಬಂದರೆ ಫ್ರಿಜ್ ‘ಗುಂಯ್’ ಎಂದು ನಿಂತುಬಿಡುತ್ತದೆ: ಟೈಮ್ ಡಿಲೇ ಎಷ್ಟು ನಿಮಿಷ ಇಡಬೇಕು?

ತೋಟದಮನೆ_ಶಿರಸಿ

ನಮ್ಮದು ಶಿರಸಿಯಿಂದ ಒಳಗೆ, ಲೈನಿನ ಕೊನೆಯ ಮನೆ. 190 ಲೀಟರಿನ ಒಂದೇ ಬಾಗಿಲಿನ ಫ್ರಿಜ್, ಒಂಬತ್ತು ವರ್ಷ ಹಳೆಯದು. ಒಳಗೆ ತಿರುಗಿಸುವ ಥರ್ಮೋಸ್ಟಾಟ್ ಗುಂಡಿ ಇದೆ, ಹಿಂದೆ ಬೋರ್ಡು ಏನೂ ಇಲ್ಲ. ಗ್ಯಾಸ್ ಆರ್-134ಎ ಎಂದು ಸ್ಟಿಕ್ಕರ್ ಇದೆ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿದರೆ ಕರೆಂಟು ಒಂದೆರಡು ಸೆಕೆಂಡು ಹೋಗಿ ಮತ್ತೆ ಬರುತ್ತದೆ. ಆಗ ಫ್ರಿಜ್ ಚಾಲೂ ಇದ್ದಿದ್ದರೆ ‘ಗುಂಯ್’ ಎಂದು ಎಂಟು ಹತ್ತು ಸೆಕೆಂಡು ಗುನುಗಿ ‘ಟಿಕ್’ ಎಂದು ನಿಲ್ಲುತ್ತದೆ. ಎರಡು ಮೂರು ನಿಮಿಷಕ್ಕೆ ಮತ್ತೆ ಅದೇ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಸರಿಯಾಗಿ ಚಾಲೂ ಆಗುತ್ತದೆ. ಕರೆಂಟು ಒಂದು ತಾಸು ಹೋಗಿ ಬಂದರೆ ಏನೂ ತೊಂದರೆ ಇಲ್ಲ, ಒಂದೇ ಸಲಕ್ಕೆ ಓಡುತ್ತದೆ. ಕೊಳ್ಳುವಾಗ ‘ಸ್ಟೆಬಿಲೈಜರ್ ಬೇಡ’ ಎಂದು ಡಬ್ಬದ ಮೇಲೇ ಬರೆದಿದ್ದರಿಂದ ಹಾಕಿಸಿಲ್ಲ. ಈಗ ಹಾಕಬೇಕಾ, ಅಥವಾ ಕಂಪ್ರೆಸರೇ ಹೋಗುವ ಲಕ್ಷಣವಾ?

ವೈರಿಂಗ್_ಕುಮಟಾ

ವೋಲ್ಟೇಜ್ ಕಡಿಮೆ ಇರೂದೇ ಕಾರಣ. ಲೈನಿನ ಕೊನೆ ಮನೆ ಅಂದ್ರಲ್ಲ, 160-170 ಕ್ಕಿಂತ ಮೇಲೆ ಬರೂದಿಲ್ಲ. ಒಳ್ಳೆ ಸ್ಟೆಬಿಲೈಜರ್ ಒಂದು ಹಾಕಿ, ಸಮಸ್ಯೆ ಮುಗೀತು. ಗ್ಯಾಸು ತಿರುಗಿ ಕಂಪ್ರೆಸರಿಗೆ ಇಳಿದು ಬರೂಕೆ ಸ್ವಲ್ಪ ಹೊತ್ತು ಬೇಕು ಅಂತ ಹೇಳೂದೂ ಉಂಟು, ಆದ್ರೆ ಮುಖ್ಯ ವೋಲ್ಟೇಜೇ.

ಶೀತಲ_ಕೋಡಿಬಾಗ

ವೋಲ್ಟೇಜಿನ ಪಾಲು ಇದೆ, ಆದರೆ ಅದು ಎರಡನೆಯದು. ತೋಟದಮನೆಯವರ ವಿವರದಲ್ಲೇ ಉತ್ತರ ಇದೆ ನೋಡಿ: ಒಂದು ತಾಸು ಬಿಟ್ಟು ಬಂದ ಕರೆಂಟಿಗೆ ಸಲೀಸಾಗಿ ಓಡುತ್ತದೆ, ಎರಡು ಸೆಕೆಂಡು ಬಿಟ್ಟು ಬಂದರೆ ಓಡುವುದಿಲ್ಲ. ವೋಲ್ಟೇಜ್ ಒಂದೇ ಕಾರಣವಾಗಿದ್ದರೆ ಎರಡು ಸಲವೂ ಒದ್ದಾಡಬೇಕಿತ್ತು.

ಫ್ರಿಜ್ ಓಡುತ್ತಿರುವಾಗ ಕಂಪ್ರೆಸರಿನ ಒಂದು ಕಡೆ ಒತ್ತಡ ತೀರ ಹೆಚ್ಚು, ಇನ್ನೊಂದು ಕಡೆ ತೀರ ಕಡಿಮೆ. ಆರ್-134ಎ ಗ್ಯಾಸಿನಲ್ಲಿ ಹಿಂದಿನ ಜಾಲರಿ 45 ಡಿಗ್ರಿ ಇದ್ದರೆ ಆ ಕಡೆ ಗೇಜು ಸುಮಾರು 150 ಪಿಎಸ್ಐ ತೋರಿಸುತ್ತದೆ. ಒಳಗೆ ಫ್ರೀಜರಿನ ಕಡೆ ಎರಡು ಮೂರು ಪಿಎಸ್ಐ, ಅಷ್ಟೇ. ಈ ಎರಡರ ನಡುವೆ ಇರುವುದು ಒಂದೇ ದಾರಿ, ಕ್ಯಾಪಿಲರಿ ಎನ್ನುವ ಸಣ್ಣ ತಾಮ್ರದ ಕೊಳವೆ. ಅದರ ಒಳರಂಧ್ರ ಒಂದು ಮಿಲಿಮೀಟರಿಗಿಂತ ಕಡಿಮೆ, ಉದ್ದ ಎರಡು ಮೂರು ಮೀಟರು. ಕರೆಂಟು ಹೋದಾಗ ಹೆಚ್ಚಿನ ಒತ್ತಡದ ಗ್ಯಾಸು ಆ ಸಂದಿಯಲ್ಲೇ ನುಸುಳಿ ಆಚೆ ಹೋಗಿ ಎರಡೂ ಕಡೆ ಸಮ ಆಗಬೇಕು. ಅದಕ್ಕೆ ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಕರೆಂಟು ಬಂದ ಮೇಲೂ ಅಷ್ಟು ಹೊತ್ತು ಫ್ರಿಜ್ಜಿಗೆ ಬಿಡದೆ ಕಾಯಿಸುವುದಕ್ಕೇ ಟೈಮ್ ಡಿಲೇ ಎನ್ನುವುದು.

ಮನೆ ಫ್ರಿಜ್ಜಿನ ಮೋಟರನ್ನು ಒತ್ತಡ ಸಮ ಆದ ಮೇಲೆ ಎಬ್ಬಿಸಲಿಕ್ಕೆ ಎಂದೇ ಮಾಡಿರುತ್ತಾರೆ. ಚಾಲೂ ಆಗುವ ಬಲ ಅದಕ್ಕೆ ಕಡಿಮೆ. 150 ಪಿಎಸ್ಐ ಎದುರಿಗಿದ್ದರೆ ಪಿಸ್ಟನ್ ಒಂದು ಸುತ್ತೂ ದಾಟುವುದಿಲ್ಲ, ಮೋಟರು ನಿಂತಲ್ಲೇ ನಿಂತು ಗುನುಗುತ್ತದೆ. ಎಂಟು ಹತ್ತು ಸೆಕೆಂಡಿಗೆ ಓವರ್‌ಲೋಡ್ ಎನ್ನುವ ರಕ್ಷಣೆಯ ಸ್ವಿಚ್ ಬಿಸಿಯಾಗಿ ಬಿಟ್ಟುಕೊಳ್ಳುತ್ತದೆ. ನೀವು ಕೇಳುವ ‘ಟಿಕ್’ ಅದೇ.

ವೈರಿಂಗ್_ಕುಮಟಾ

ಸರಿ ಅಣ್ಣ, ಒಪ್ಪಿದೆ. ಹಾಗಾದ್ರೆ ಓವರ್‌ಲೋಡ್ ಉಂಟಲ್ಲ, ಅದು ಕಾಪಾಡ್ತದೆ. ಬೇರೆ ಡಿಲೇ ಎಂತಕ್ಕೆ?

ಮೀನುಸಾರು_ಅಂಕೋಲಾ

ಐದೈದು ನಿಮಿಷ ಫ್ರಿಜ್ ಬಂದ್ ಇಟ್ರೆ ಫ್ರೀಜರಿನಲ್ಲಿ ಇಟ್ಟ ಬಂಗಡೆ ಹಾಳಾಗೂದಿಲ್ವಾ? ದಿನಕ್ಕೆ ಹತ್ತು ಸಲ ಕರೆಂಟು ಹೋದ್ರೆ ಐವತ್ತು ನಿಮಿಷ ಆಯ್ತಲ್ಲ.

ಶೀತಲ_ಕೋಡಿಬಾಗ

@ಮೀನುಸಾರು_ಅಂಕೋಲಾ ಅಕ್ಕ, ಹಾಳಾಗುವುದಿಲ್ಲ. ಕರೆಂಟು ಇದ್ದಾಗಲೂ ಥರ್ಮೋಸ್ಟಾಟ್ ತಾನೇ ಕಂಪ್ರೆಸರನ್ನು ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡುತ್ತಿರುತ್ತದೆ. ಐದು ನಿಮಿಷ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಾಗಿಲು ಮಾತ್ರ ಸುಮ್ಮನೆ ತೆಗೆದು ಹಾಕಬೇಡಿ. ಡಿಲೇ ಇಲ್ಲದೆ ಮೋಟರು ಸಿಕ್ಕಿಕೊಂಡು ಮೂರು ನಾಲ್ಕು ಸಲ ಗುನುಗಿದರೆ ಅದಕ್ಕಿಂತ ಹೆಚ್ಚು ಹೊತ್ತು ಫ್ರಿಜ್ ನಿಂತಿರುತ್ತದೆ.

@ವೈರಿಂಗ್_ಕುಮಟಾ ಓವರ್‌ಲೋಡ್ ಇರುವುದು ಕೊನೆಗೆ ಕಾಯಲಿಕ್ಕೆ, ದಿನಾ ದುಡಿಸಲಿಕ್ಕಲ್ಲ. ಲೆಕ್ಕ ಹೇಳುವ ಮೊದಲು ತೋಟದಮನೆಯವರ ಹತ್ತಿರ ಎರಡು ಅಳತೆ ಬೇಕು. ಯಾರ ಹತ್ತಿರವಾದರೂ ಕ್ಲ್ಯಾಂಪ್ ಮೀಟರ್ ಇದ್ದರೆ ಫ್ರಿಜ್ ಸರಿಯಾಗಿ ಓಡುವಾಗ ಎಷ್ಟು ಆಂಪಿಯರ್, ಮುಂದಿನ ಸಲ ಗುನುಗುವಾಗ ಎಷ್ಟು ಆಂಪಿಯರ್, ಆಗ ಪಾಯಿಂಟಿನಲ್ಲಿ ವೋಲ್ಟೇಜ್ ಎಷ್ಟು ನೋಡಿ. ಕ್ಲ್ಯಾಂಪನ್ನು ಇಡೀ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಬೇರೆಯಾಗಿರುವ ಸಣ್ಣ ಎಕ್ಸ್‌ಟೆನ್ಶನ್ ತುಂಡು ಮಾಡಿಕೊಂಡು ಫೇಸಿಗೆ ಮಾತ್ರ ಹಾಕಬೇಕು. ಅಳತೆಗಾಗಿ ಬೇಕಂತಲೇ ಸ್ವಿಚ್ ಆಫ್ ಆನ್ ಮಾಡಬೇಡಿ, ತಾನಾಗಿ ಆದಾಗ ನೋಡಿದರೆ ಸಾಕು.

ತೋಟದಮನೆ_ಶಿರಸಿ

ನಿನ್ನೆ ಸಂಜೆ ಮಳೆಗೆ ಅವಕಾಶ ಸಿಕ್ಕಿತು. ಓಡುವಾಗ 1 ಆಂಪಿಯರ್. ಗುನುಗುವಾಗ 8 ಆಂಪಿಯರ್, ಒಂಬತ್ತು ಸೆಕೆಂಡಿಗೆ ಟಿಕ್. ಆಗ ವೋಲ್ಟೇಜ್ 188. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ 165 ಕ್ಕೂ ಇಳಿಯುತ್ತದೆ.

ಶೀತಲ_ಕೋಡಿಬಾಗ

ಚೊಕ್ಕ ಅಳತೆ. ಈಗ ಲೆಕ್ಕ ಸುಲಭ. ತಂತಿ ಸುತ್ತಿನಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ಏರುತ್ತದೆ. ಆಂಪಿಯರ್ ಎಂಟು ಪಟ್ಟು ಆದರೆ ಶಾಖ 64 ಪಟ್ಟು. ಇಂಥ ಮೋಟರಿನ ರನ್ನಿಂಗ್ ಸುತ್ತು ಸುಮಾರು 14 ಓಮ್ ಎಂದು ಇಟ್ಟುಕೊಳ್ಳಿ. ಓಡುವಾಗ ಆ ಸುತ್ತಿನಲ್ಲಿ 14 ವ್ಯಾಟ್ ಶಾಖ. ಸಿಕ್ಕಿಕೊಂಡಾಗ 14 ಗುಣಿಸು 64, ಅಂದರೆ 900 ವ್ಯಾಟಿನ ಹತ್ತಿರ. ಮುಚ್ಚಿದ ಕಬ್ಬಿಣದ ಡಬ್ಬಿಯೊಳಗೆ ಒಂದು ಇಸ್ತ್ರಿಪೆಟ್ಟಿಗೆ ಒಂಬತ್ತು ಸೆಕೆಂಡು ಹಚ್ಚಿಟ್ಟ ಹಾಗೆ. ಅದರ ಮೇಲೆ, ಓಡುವಾಗ ಫ್ರೀಜರಿನಿಂದ ತಿರುಗಿ ಬರುವ ತಂಪು ಗ್ಯಾಸು ಮೋಟರಿನ ಮೇಲೆ ಹರಿದು ಅದನ್ನು ತಣಿಸುತ್ತಿರುತ್ತದೆ. ಸಿಕ್ಕಿಕೊಂಡಾಗ ಗ್ಯಾಸೇ ಹರಿಯುವುದಿಲ್ಲ. ಹಾಗಾಗಿ ಒಂದೊಂದು ಗುನುಗಿಗೂ ತಂತಿಯ ಮೇಲಿನ ವಾರ್ನಿಶ್ ಸ್ವಲ್ಪ ಸ್ವಲ್ಪ ಸುಡುತ್ತದೆ. ಓವರ್‌ಲೋಡಿನ ಕಾಂಟ್ಯಾಕ್ಟೂ ಪ್ರತಿ ಸಲ 8 ಆಂಪಿಯರ್ ಬಿಡಿಸುವಾಗ ಕಿಡಿಗೆ ತಿನ್ನಿಸಿಕೊಳ್ಳುತ್ತದೆ. ಒಂದು ದಿನ ಅದು ಅಂಟಿಕೊಂಡು ಬಿಡದೇ ಹೋದರೆ ಒಂಬತ್ತು ಸೆಕೆಂಡಿನಲ್ಲಿ ನಿಲ್ಲಬೇಕಾದದ್ದು ನಿಲ್ಲುವುದಿಲ್ಲ, ಸುತ್ತು ಸುಟ್ಟೇ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಗೆ ಆ ಟರ್ಮಿನಲ್‌ಗಳು ಬೇಗ ಹಸಿರುಗಟ್ಟುತ್ತವೆ, ಹಾಗಾಗಿ ಅದರ ಮೇಲೆ ಭರವಸೆ ಇನ್ನೂ ಕಡಿಮೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಕಾಯಬೇಕಾದದ್ದು ಗ್ಯಾಸು ಒಂದೇ ಅಲ್ಲ. ಕಂಪ್ರೆಸರಿನ ಬದಿಯ ಕಪ್ಪು ಡಬ್ಬಿಯಲ್ಲಿ ಪಿಟಿಸಿ ಎನ್ನುವ ಬಿಲ್ಲೆ ಇರುತ್ತದೆ, ಸೆರಾಮಿಕ್ಕಿನದು, ನಾಣ್ಯದಷ್ಟು. ತಣ್ಣಗಿದ್ದಾಗ ಅದು ಮೋಟರನ್ನು ಎಬ್ಬಿಸುವ ಸ್ಟಾರ್ಟಿಂಗ್ ಸುತ್ತಿಗೆ ಕರೆಂಟು ಬಿಡುತ್ತದೆ. ಒಂದು ಸೆಕೆಂಡಿನೊಳಗೆ ಬಿಸಿಯಾಗಿ ದಾರಿ ಮುಚ್ಚುತ್ತದೆ. ಫ್ರಿಜ್ ಓಡುವಷ್ಟು ಹೊತ್ತೂ ಅದು ನೂರು ಡಿಗ್ರಿಗಿಂತ ಮೇಲೆ ಬಿಸಿಯಾಗಿಯೇ ಇರುತ್ತದೆ. ಕರೆಂಟು ಎರಡು ಸೆಕೆಂಡು ಹೋಗಿ ಬಂದರೆ ಬಿಲ್ಲೆ ಇನ್ನೂ ಬಿಸಿ. ಸ್ಟಾರ್ಟಿಂಗ್ ಸುತ್ತಿಗೆ ಕರೆಂಟೇ ಸಿಗುವುದಿಲ್ಲ. ಆಗ ಎದುರಿಗೆ ಒತ್ತಡ ಇಲ್ಲದಿದ್ದರೂ ಮೋಟರು ಎದ್ದೇಳುವುದಿಲ್ಲ. ಗುನುಗುತ್ತಿರುವಾಗಲೂ ಬಿಲ್ಲೆಗೆ ಕರೆಂಟು ಇದ್ದೇ ಇರುವುದರಿಂದ ಅದು ತಣಿಯುವುದೂ ಇಲ್ಲ. ಓವರ್‌ಲೋಡ್ ಬಿಟ್ಟ ಮೇಲೇ ಅದಕ್ಕೆ ತಣಿಯಲು ಸಮಯ. ನಿಮ್ಮಲ್ಲಿ ಮೊದಲ ಎರಡು ಪ್ರಯತ್ನ ಸೋತು ಮೂರನೆಯದೋ ನಾಲ್ಕನೆಯದೋ ಗೆಲ್ಲುವುದು ಇದಕ್ಕೇ: ಕಂಪ್ರೆಸರಿನ ಮೈ ಬಿಸಿಯಾಗುತ್ತ ಹೋದಂತೆ ಓವರ್‌ಲೋಡ್ ತಿರುಗಿ ಕೂಡಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಬಿಲ್ಲೆಯೂ ತಣಿದಿರುತ್ತದೆ, ಒತ್ತಡವೂ ಸಮ ಆಗಿರುತ್ತದೆ.

ಹಾಸ್ಟೆಲ್_ದಾಂಡೇಲಿ

ನಮ್ಮದು ಇನ್ವರ್ಟರ್ ಕಂಪ್ರೆಸರ್ ಫ್ರಿಜ್. ಕರೆಂಟು ಬಂದ ಮೇಲೆ ದೀಪ ಹತ್ತುತ್ತದೆ, ಮೋಟರು ಮಾತ್ರ ಕೆಲವು ನಿಮಿಷ ಸುಮ್ಮನಿರುತ್ತದೆ. ಕೆಟ್ಟಿದೆ ಎಂದು ಕಂಪ್ಲೇಂಟ್ ಕೊಟ್ಟಿದ್ದೇವೆ.

ಶೀತಲ_ಕೋಡಿಬಾಗ

ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳಬಹುದು. ಬೋರ್ಡು ಇರುವ ಫ್ರಿಜ್ಜಿನಲ್ಲಿ ಡಿಲೇ ಪ್ರೋಗ್ರಾಮಿನಲ್ಲೇ ಇರುತ್ತದೆ. ಇನ್ವರ್ಟರ್ ಮೋಟರಿಗೆ ಪಿಟಿಸಿ ಬಿಲ್ಲೆಯೂ ಇಲ್ಲ, ಬೋರ್ಡೇ ಮೆಲ್ಲಗೆ ವೇಗ ಏರಿಸಿ ಎಬ್ಬಿಸುತ್ತದೆ. ಅಲ್ಲಿ ಅಪಾಯ ಬೋರ್ಡಿಗೆ, ಸಿಡಿಲಿನ ಹೊಡೆತಕ್ಕೆ. ಅದು ಬೇರೆ ವಿಷಯ.

ನಿಮ್ಮ ಫ್ರಿಜ್ಜಿನಲ್ಲಿ ಡಿಲೇ ಇದೆಯೋ ಇಲ್ಲವೋ ತಿಳಿಯದವರು ಹೀಗೆ ನೋಡಿ. ಪ್ಲಗ್ ಕಿತ್ತು ಹದಿನೈದು ನಿಮಿಷ ಬಾಗಿಲು ತೆರೆದಿಡಿ, ಒಳಗೆ ಸ್ವಲ್ಪ ಬೆಚ್ಚಗಾಗಲಿ. ಆಮೇಲೆ ಬಾಗಿಲು ಮುಚ್ಚಿ ಪ್ಲಗ್ ಹಾಕಿ. ಕೂಡಲೇ ಮೋಟರು ಎದ್ದರೆ ಡಿಲೇ ಇಲ್ಲ. ಎರಡು ಮೂರು ನಿಮಿಷ ಬಿಟ್ಟು ಎದ್ದರೆ ಇದೆ. ‘ಸ್ಟೆಬಿಲೈಜರ್ ಬೇಡ’ ಎಂದು ಬರೆದದ್ದು ವೋಲ್ಟೇಜ್ ಏರಿಳಿತ ತಡೆಯುವ ಮಾತು. ಗುಂಡಿ ಥರ್ಮೋಸ್ಟಾಟಿನ ಫ್ರಿಜ್ಜಿಗೆ ಆ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಡಿಲೇ ಬಂದುಬಿಡುವುದಿಲ್ಲ.

ಸರ್ಕಿಟ್_ಯಲ್ಲಾಪುರ

ಡಿಲೇ ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ. ಮೂರು ದಾರಿ ಇವೆ. ಡಿಲೇ ಇರುವ ಫ್ರಿಜ್ ಸ್ಟೆಬಿಲೈಜರ್ ಒಂದು. ಪ್ಲಗ್ಗಿಗೆ ಚುಚ್ಚುವ ಸಣ್ಣ ಡಿಲೇ ಡಬ್ಬಿ ಇನ್ನೊಂದು. ಪ್ಯಾನೆಲ್ಲಿನ ಆನ್-ಡಿಲೇ ಟೈಮರ್ ಮತ್ತು ಕಾಂಟ್ಯಾಕ್ಟರ್ ಸೇರಿಸಿ ಮಾಡುವುದು ಮೂರನೆಯದು.

ಸ್ಟೆಬಿಲೈಜರಿನಲ್ಲಿ ಮೋಸ ಹೋಗುವುದು ಒಂದು ಸಣ್ಣ ಸ್ವಿಚ್ಚಿಗೆ. ಕೆಲವು ಮಾಡೆಲಿನ ಹಿಂದೆ ಡಿಲೇ ಆಯ್ಕೆ ಇರುತ್ತದೆ, ಒಂದು ಕಡೆ ಕೆಲವೇ ಸೆಕೆಂಡು, ಇನ್ನೊಂದು ಕಡೆ ಮೂರು ನಿಮಿಷ. ಸೆಕೆಂಡಿನ ಕಡೆ ಇಟ್ಟಿದ್ದರೆ ಟಿವಿಗೆ ಆದೀತು, ಕಂಪ್ರೆಸರಿಗೆ ಪ್ರಯೋಜನ ಇಲ್ಲ.

ಟೈಮರ್ ಹಾಕುವವರು ಟೈಮರಿನ ಕಾಂಟ್ಯಾಕ್ಟ್ ಮೂಲಕವೇ ಫ್ರಿಜ್ ಓಡಿಸಬೇಡಿ. ಅದರ ಮೇಲೆ 5 ಆಂಪಿಯರ್ ಎಂದು ಬರೆದಿದ್ದರೆ ಅದು ಹೀಟರಿನಂಥ ಲೋಡಿಗೆ. ಮೋಟರು ಸರಿಯಾಗಿ ಚಾಲೂ ಆಗುವಾಗಲೂ ಒಂದರೆಕ್ಷಣ 8 ಆಂಪಿಯರ್ ಎಳೆಯುತ್ತದೆ, ಕಾಂಟ್ಯಾಕ್ಟ್ ಬೇಗ ಅಂಟುತ್ತದೆ. ಟೈಮರಿನಿಂದ ಕಾಂಟ್ಯಾಕ್ಟರಿನ ಕಾಯಿಲ್ ಮಾತ್ರ ಎತ್ತಿಸಿ, ಫ್ರಿಜ್ಜಿನ ಫೇಸ್ ಕಾಂಟ್ಯಾಕ್ಟರಿನ ಮೂಲಕ ಹೋಗಲಿ. ಅರ್ತಿಂಗ್ ಎಲ್ಲಿಯೂ ತುಂಡಾಗಬಾರದು.

ಈಗ ಮುಖ್ಯ ಮಾತು. ಡಿಲೇ ಡಬ್ಬಿ ಉದ್ದದ ಪವರ್‌ಕಟ್‌ಗೆ ಕೆಲಸ ಮಾಡಿದರೆ ಸಾಲದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುವ ಕರೆಂಟನ್ನೂ ಹಿಡಿಯಬೇಕು. ಕಂಪ್ರೆಸರ್ ನಿಲ್ಲಲು ಅರ್ಧ ಸೆಕೆಂಡೂ ಸಾಕು. ಆದರೆ ಅಗ್ಗದ ಡಬ್ಬಿಗಳಲ್ಲಿ ಒಳಗಿನ ಕೆಪ್ಯಾಸಿಟರ್ ಒಂದೆರಡು ಸೆಕೆಂಡು ಚಾರ್ಜ್ ಹಿಡಿದಿಟ್ಟುಕೊಂಡು ಕರೆಂಟು ಹೋದದ್ದನ್ನೇ ಗಮನಿಸುವುದಿಲ್ಲ. ಕರೆಂಟು ಬಂದ ಕೂಡಲೇ ಫ್ರಿಜ್ಜಿಗೆ ಬಿಟ್ಟುಬಿಡುತ್ತವೆ. ನಿಮ್ಮಲ್ಲಿ ಬರುವುದು ಅಂಥ ಪವರ್‌ಕಟ್ಟೇ ಆದ್ದರಿಂದ ಡಬ್ಬಿ ಇದ್ದೂ ಇಲ್ಲದ ಹಾಗೆ.

ಪರೀಕ್ಷೆಗೆ ಫ್ರಿಜ್ ಬೇಡ. ಡಬ್ಬಿಗೆ ಟೇಬಲ್ ಲ್ಯಾಂಪ್ ಹಾಕಿ. ಹಳೆ ಬಲ್ಬಿನದಾದರೆ ಒಳ್ಳೆಯದು. ಸ್ವಿಚ್ ಒತ್ತಿ ದೀಪ ಹತ್ತುವವರೆಗೆ ಗಡಿಯಾರ ನೋಡಿ, ಅದು ನಿಮ್ಮ ಡಿಲೇ. ಹತ್ತಿದ ಮೇಲೆ ಸ್ವಿಚ್ಚನ್ನು ಟಕ್ ಎಂದು ಆಫ್ ಮಾಡಿ ಅದೇ ಕೈಯಲ್ಲಿ ಆನ್ ಮಾಡಿ. ದೀಪ ಮತ್ತೆ ಪೂರ್ತಿ ಡಿಲೇ ಕಾದು ಹತ್ತಬೇಕು. ಕೂಡಲೇ ಹತ್ತಿದರೆ ಆ ಡಬ್ಬಿ ಅಂಗಡಿಗೆ ವಾಪಸ್. ಹತ್ತು ಸಲ ಮಾಡಿ ನೋಡಿ, ಒಂದು ಸಲ ತಪ್ಪಿದರೂ ಬೇಡ.

ಐಸ್‌ಕ್ರೀಮ್_ಹೊನ್ನಾವರ

ಅಂಗಡಿಯ ಡೀಪ್ ಫ್ರೀಜರಿಗೂ ಇದೇ ಹಾಕಬೇಕಾ? ಅದು ಕರೆಂಟು ಬಂದ ಕೂಡಲೇ ಒಂದೇ ಪೆಟ್ಟಿಗೆ ಎದ್ದೇಳುತ್ತದೆ, ಗುನುಗಿದ್ದೇ ಇಲ್ಲ.

ಶೀತಲ_ಕೋಡಿಬಾಗ

ದೊಡ್ಡ ಡೀಪ್ ಫ್ರೀಜರಿನ ಕಂಪ್ರೆಸರ್ ಬದಿಯಲ್ಲಿ ಸ್ಟಾರ್ಟ್ ಕೆಪ್ಯಾಸಿಟರ್ ಮತ್ತು ರಿಲೇ ಇದ್ದರೆ ಅದು ಎದುರೊತ್ತಡ ಇದ್ದರೂ ಎದ್ದೇಳಲಿಕ್ಕೆಂದೇ ಮಾಡಿದ ಮೋಟರು. ತೊಂದರೆ ಕಡಿಮೆ. ಆದರೂ ಡಿಲೇ ಹಾಕುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದೇ. ಎರಡು ನಿಮಿಷದಲ್ಲಿ ನಾಲ್ಕು ಸಲ ಕರೆಂಟು ಹೋಗಿ ಬಂದರೆ ನಾಲ್ಕು ಸಲ ಚಾಲೂ ಆಗುವ ಬಿಸಿ ಆ ಕೆಪ್ಯಾಸಿಟರಿಗೂ ಹಿಡಿಸುವುದಿಲ್ಲ.

ವೈರಿಂಗ್_ಕುಮಟಾ

ಮೂರು ನಿಮಿಷ ಸಾಕಾ, ಐದು ಬೇಕಾ? ಅಂಗಡಿಯಲ್ಲಿ ಸಿಗೂದೆಲ್ಲ ಮೂರರದ್ದೇ. ನಮ್ಮ ಕಡೆ ಎಲ್ಲ ಮೂರರಲ್ಲೇ ಚಾಲೂ ಆಗ್ತಾ ಉಂಟು.

ಸರ್ಕಿಟ್_ಯಲ್ಲಾಪುರ

ಮೂರು ಸಾಕು. ಐದು ಬೇಕೆಂದು ಹೊಸ ಸಾಮಾನು ಹುಡುಕುವುದಕ್ಕಿಂತ ಇರುವ ಮೂರು ನಿಮಿಷದ್ದು ಪ್ರತಿ ಸಲ ತಪ್ಪದೆ ಕಾಯುತ್ತದೆಯೇ ಎಂದು ನೋಡುವುದು ಮುಖ್ಯ.

ಶೀತಲ_ಕೋಡಿಬಾಗ

ನಾನು ಐದೇ ಹೇಳುತ್ತೇನೆ, ಅದರಲ್ಲೂ ಪಿಟಿಸಿ ಬಿಲ್ಲೆಯ ಕಂಪ್ರೆಸರಿಗೆ. ಏಪ್ರಿಲ್ ಮೇನಲ್ಲಿ ಕಾರವಾರದ ಅಡುಗೆಮನೆ, ಫ್ರಿಜ್ ಗೋಡೆಗೆ ಒತ್ತಿ ನಿಂತಿದೆ, ಹಿಂದೆ ಗಾಳಿ ಇಲ್ಲ. ಅಲ್ಲಿ ಜಾಲರಿಯ ಬಿಸಿಯೂ ಒತ್ತಡವೂ ಇನ್ನೂ ಮೇಲೆ. ಕಪ್ಪು ಡಬ್ಬಿಯ ಒಳಗಿನ ಬಿಲ್ಲೆ ತಣಿಯುವುದೂ ನಿಧಾನ. ಮೂರಕ್ಕೆ ಎದ್ದರೂ ಎದ್ದೀತು, ಒಂದೊಂದು ಸಲ ಏಳದಿದ್ದರೂ ಇದ್ದೀತು. ತೋಟದಮನೆಯವರಿಗೆ ಬೇಸಿಗೆಯಲ್ಲಿ ಇನ್ನೊಂದು ಕಾರಣ ಇದೆ. ಕರೆಂಟು ಬಂದ ಕೂಡಲೇ ಆಟೋಸ್ಟಾರ್ಟರ್ ಹಾಕಿದ ಪಂಪುಗಳೆಲ್ಲ ಒಟ್ಟಿಗೇ ಎದ್ದು ವೋಲ್ಟೇಜ್ ಕುಸಿಯುತ್ತದೆ. ಆ ಗದ್ದಲ ಮುಗಿದ ಮೇಲೆ ಫ್ರಿಜ್ ಚಾಲೂ ಆದರೆ ಒಳ್ಳೆಯದು.

ಕುಮಟಾದವರ ಮಾತಿಗೆ ಬೆಲೆ ಇರುವುದೂ ಇಲ್ಲೇ. ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ಇಳಿಯುತ್ತದೆ. 230 ರ ಬದಲು 165 ಬಂದರೆ ಬಲ ಹೆಚ್ಚುಕಡಿಮೆ ಅರ್ಧ. ಅಷ್ಟು ಕಡಿಮೆಯಲ್ಲಿ ಐದು ನಿಮಿಷ ಕಾದರೂ ಏಳದಿರಬಹುದು. ಆದ್ದರಿಂದ ಶಿರಸಿ ಕಡೆಯ ಈ ಮನೆಗೆ ಬರೀ ಡಿಲೇ ಡಬ್ಬಿ ಅಲ್ಲ, ಡಿಲೇ ಇರುವ ಸ್ಟೆಬಿಲೈಜರೇ ಸರಿ. ವೋಲ್ಟೇಜ್ ಸರಿ ಇರುವ ಕಾರವಾರ ಪೇಟೆಯ ಮನೆಗೆ ಡಬ್ಬಿ ಸಾಕು.

ಅಂದಹಾಗೆ, ಹೊರಗಿನ ಡಿಲೇಗೆ ಒಳಗಿನ ಗುಂಡಿ ಕಾಣುವುದಿಲ್ಲ. ಓಡುತ್ತಿರುವಾಗ ಥರ್ಮೋಸ್ಟಾಟನ್ನು ಸೊನ್ನೆಗೆ ತಿರುಗಿಸಿ ಕೂಡಲೇ ಮತ್ತೆ ಏರಿಸಿದರೆ ಅದೂ ಎರಡು ಸೆಕೆಂಡಿನ ಪವರ್‌ಕಟ್ಟೇ. ಗುಂಡಿ ಮುಟ್ಟಿದ ಮೇಲೂ ಐದು ನಿಮಿಷ ಬಿಡಿ.

ತೋಟದಮನೆ_ಶಿರಸಿ

ಹಾಗಾದರೆ ಈಗಾಗಲೇ ಆದ ಹಾನಿ ತಿಳಿಯುವುದು ಹೇಗೆ? ಮೂರು ಮಳೆಗಾಲದಿಂದ ಹೀಗೇ ಇದೆ.

ಶೀತಲ_ಕೋಡಿಬಾಗ

ಪ್ಲಗ್ ಕಿತ್ತು ಅರ್ಧ ತಾಸು ಬಿಡಿ. ಕಪ್ಪು ಡಬ್ಬಿ ಬಿಚ್ಚಿ ಪಿಟಿಸಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಗಿಲಿಗಿಲಿ ಸದ್ದು ಬಂದರೆ ಬಿಲ್ಲೆ ಒಡೆದಿದೆ, ಬದಲಿಸಬೇಕು. ಆಮೇಲೆ ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಮೂರು ಸಂಖ್ಯೆ ಬರುತ್ತದೆ, ಸಣ್ಣ ಎರಡು ಸೇರಿಸಿದರೆ ದೊಡ್ಡದು ಬರಬೇಕು. ಪಿನ್ನಿನಿಂದ ಮೈಯ ಬಣ್ಣ ಕೆರೆದ ಜಾಗಕ್ಕೆ ಏನೂ ತೋರಿಸಬಾರದು. ಹೊಸ ಪಿಟಿಸಿ ಮತ್ತು ಓವರ್‌ಲೋಡ್ ನಿಮ್ಮ ಕಂಪ್ರೆಸರ್ ಮಾಡೆಲಿಗೆ ಹೇಳಿದ್ದೇ ಇರಲಿ, ಅಂಗಡಿಯವರು ‘ಎಲ್ಲಕ್ಕೂ ಆಗುತ್ತದೆ’ ಎಂದು ಕೊಟ್ಟದ್ದು ಬೇಡ. ಇದನ್ನು ಓದುವ ಬೇರೆಯವರ ಫ್ರಿಜ್ಜಿನಲ್ಲಿ ಆರ್-600ಎ ಗ್ಯಾಸಿದ್ದರೆ ಡಬ್ಬಿ ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ, ಅದು ಉರಿಯುವ ಗ್ಯಾಸು.

ತೋಟದಮನೆ_ಶಿರಸಿ

ಅಳೆದೆವು. 14, 21, 35. ಮೈಗೆ ಏನೂ ಇಲ್ಲ. ಪಿಟಿಸಿ ಅಲ್ಲಾಡಿಸಿದರೆ ಸಣ್ಣಗೆ ಗಿಲಿಗಿಲಿ ಎನ್ನುತ್ತದೆ. ಪಕ್ಕದ ಮನೆಯ ಡಿಲೇ ಡಬ್ಬಿಯನ್ನು ಟೇಬಲ್ ಲ್ಯಾಂಪಿಗೆ ಹಾಕಿ ನೋಡಿದೆವು: ಮೊದಲ ಸಲ ಮೂರು ನಿಮಿಷ ಕಾಯಿತು, ಟಕ್ ಎಂದು ಆಫ್ ಆನ್ ಮಾಡಿದರೆ ಹತ್ತರಲ್ಲಿ ಆರು ಸಲ ಕೂಡಲೇ ಹತ್ತಿತು.

ಶೀತಲ_ಕೋಡಿಬಾಗ

ಸುತ್ತುಗಳ ಲೆಕ್ಕ ಕೂಡುತ್ತದೆ, ಅಷ್ಟು ನೆಮ್ಮದಿ. ವಾರ್ನಿಶ್ ಎಷ್ಟು ಸುಟ್ಟಿದೆ ಎಂದು ಮಲ್ಟಿಮೀಟರ್ ಹೇಳಲಾರದು, ಹಾಗಾಗಿ ಕಂಪ್ರೆಸರ್ ಪೂರ್ತಿ ಸರಿ ಎಂದು ನಾನು ಬರೆದುಕೊಡಲಾರೆ. ಪಿಟಿಸಿ ಒಡೆದಿದೆ, ಅದು ಬದಲಾಗುವವರೆಗೆ ಫ್ರಿಜ್ ಚಾಲೂ ಮಾಡಬೇಡಿ. ಚೂರು ಅಡ್ಡ ಬಿದ್ದು ಸ್ಟಾರ್ಟಿಂಗ್ ಸುತ್ತಿಗೆ ಕರೆಂಟು ನಿಲ್ಲದೇ ಹೋದರೆ ಮೊದಲು ಸುಡುವುದು ಅದೇ. ಓವರ್‌ಲೋಡೂ ಜೊತೆಗೇ ಬದಲಿಸಿ. ಪಕ್ಕದ ಮನೆಯವರಿಗೆ ಆ ಡಬ್ಬಿಯ ವಿಷಯ ಹೇಳಿ.

ವೈರಿಂಗ್_ಕುಮಟಾ

ನಾನು ಹಾಕಿಕೊಟ್ಟ ಡಬ್ಬಿಗಳನ್ನೂ ಲ್ಯಾಂಪ್ ಹಾಕಿ ನೋಡ್ತೇನೆ. ಮೂರು ಐದರ ಮಾತಿಗೆ ಮಾತ್ರ ಇನ್ನೂ ಮೂರೇ ಸಾಕು ಅನ್ನಿಸ್ತದೆ ಅಣ್ಣ.